ನೆಲದೊಳಗಿನ ಕಂಬಕ್ಕೆ ಎಷ್ಟು ಕಾಂಕ್ರೀಟು, ಎಷ್ಟು ಕಬ್ಬಿಣ?

ಕಟ್ಟಡದ ಮಿಕ್ಕೆಲ್ಲ ಭಾಗಗಳನ್ನು ಟೇಪು ಹಿಡಿದು ಅಳೆಯಬಹುದು. ಕಂಬ ಸೊಟ್ಟಗಿದ್ದರೆ ತೂಗುಗುಂಡು ಹೇಳುತ್ತದೆ, ಬೀಮು ಸಣ್ಣದಾಗಿದ್ದರೆ ಕಣ್ಣಿಗೇ ಕಾಣುತ್ತದೆ, ಕಾಂಕ್ರೀಟು ಸರಿಯಾಗಿ ಇಳಿಯದೆ ತೂತು ಉಳಿದಿದ್ದರೆ ಶಟರಿಂಗ್ ಬಿಚ್ಚಿದ ದಿನವೇ ಗೊತ್ತಾಗುತ್ತದೆ. ಪೈಲಿನ ಕತೆ ಬೇರೆ. ನೆಲದಲ್ಲಿ ಆಳವಾದ ತೂತು ಕೊರೆದು, ಕಬ್ಬಿಣದ ಕೇಜ್ ಇಳಿಸಿ, ಕಾಂಕ್ರೀಟು ತುಂಬಿದ ಮೇಲೆ ಅದರ ಹೊರಮೈಯನ್ನು ಯಾರೂ ನೋಡುವುದಿಲ್ಲ. ತೂತಿನ ತುಂಬ ಕೆಸರುನೀರು ಇರುವುದರಿಂದ ತುಂಬುವಾಗಲೂ ಒಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಎಷ್ಟು ಕಾಂಕ್ರೀಟು ಹೋಯಿತು, ಎಷ್ಟು ಎತ್ತರಕ್ಕೆ ಏರಿತು ಎಂಬ ಲೆಕ್ಕವೇ ಆ ಕತ್ತಲೆಯೊಳಗೆ ನೋಡಲು ಇರುವ ಕಣ್ಣು. ಹಾಗಾಗಿ ಪೈಲಿನ ಲೆಕ್ಕವನ್ನು ಬರೀ ಸಾಮಾನು ತರಿಸುವ ಪಟ್ಟಿ ಎಂದುಕೊಂಡವರಿಗೆ ಅದರ ಅರ್ಧ ಉಪಯೋಗ ಸಿಗುವುದೇ ಇಲ್ಲ.

ಮಂಗಳೂರಿನ ಆಸುಪಾಸಿನಲ್ಲಿ ನೇತ್ರಾವತಿ, ಗುರುಪುರ ನದಿಗಳ ಬದಿಯ ತಗ್ಗು ಜಾಗಗಳಲ್ಲಿ, ಹಿಂದೆ ಗದ್ದೆಯಾಗಿದ್ದ ಕಡೆ, ನಾಲ್ಕು ಮಹಡಿ ಎಬ್ಬಿಸಬೇಕಾದರೂ ಪೈಲ್ ಹಾಕುವ ಪ್ರಸಂಗ ಬರುತ್ತದೆ. ಮೇಲೆ ತುಂಬಿಸಿದ ಮಣ್ಣು, ಅದರ ಕೆಳಗೆ ಮೆತ್ತಗಿನ ಜೇಡಿ, ಮತ್ತೆ ಸಡಿಲ ಮರಳು, ಎಲ್ಲ ದಾಟಿದ ಮೇಲೆ ಗಟ್ಟಿ ನೆಲ. ಬೆಂಗಳೂರಿನಲ್ಲಿ ಕೆರೆಯಂಗಳ ಮುಚ್ಚಿ ಮಾಡಿದ ಬಡಾವಣೆಗಳಲ್ಲೂ ಇದೇ ಪಾಡು. ಅಂಥ ಒಂದು ಜಾಗಕ್ಕೆ ಇಂಜಿನಿಯರು ಕೊಟ್ಟ ಡ್ರಾಯಿಂಗ್ ಹೀಗಿದೆ ಎಂದಿಟ್ಟುಕೊಳ್ಳೋಣ: ಪೈಲಿನ ವ್ಯಾಸ 600 ಮಿಲಿಮೀಟರ್, ಉದ್ದ 18 ಮೀಟರ್, ಎಂ25 ಕಾಂಕ್ರೀಟು, ಉದ್ದ ಕಂಬಿಗಳು 16 ಮಿಲಿಮೀಟರಿನವು ಎಂಟು.

ಮೊದಲ ಎಡವಟ್ಟು ಆಗುವುದು ಈ 18 ಮೀಟರ್ ಎಂಬ ಮಾತಿನಲ್ಲೇ. ಎಲ್ಲಿಂದ 18? ಪೈಲು ನೆಲದ ಮಟ್ಟದಿಂದ ಶುರುವಾಗುವುದಿಲ್ಲ. ಹಲವು ಪೈಲುಗಳ ತಲೆಯನ್ನು ಒಟ್ಟು ಸೇರಿಸಿ ಕೂರಿಸುವ ದಪ್ಪ ಕಾಂಕ್ರೀಟಿನ ದಿಮ್ಮಿಗೆ ಪೈಲ್ ಕ್ಯಾಪ್ ಎನ್ನುತ್ತಾರೆ. ಅದು ನೆಲದೊಳಗೇ ಇರುತ್ತದೆ. ಪೈಲಿನ ಒಳ್ಳೆಯ ಕಾಂಕ್ರೀಟು ಅದರ ತಳದ ಹತ್ತಿರ ಮುಗಿಯಬೇಕು. ಆ ಮಟ್ಟವೇ ಕಟ್ ಆಫ್ ಲೆವೆಲ್. ನಮ್ಮ ಉದಾಹರಣೆಯಲ್ಲಿ ಅದು ನೆಲದಿಂದ ಒಂದೂವರೆ ಮೀಟರ್ ಕೆಳಗಿದೆ, ಪೈಲಿನ 18 ಮೀಟರ್ ಅಲ್ಲಿಂದ ಕೆಳಕ್ಕೆ. ಅಂದರೆ ಕೊರೆಯಬೇಕಾದ ತೂತು 19.5 ಮೀಟರ್. ಕೊರೆಯುವವನ ಲೆಕ್ಕ ಒಂದು, ಕಾಂಕ್ರೀಟಿನವನ ಲೆಕ್ಕ ಇನ್ನೊಂದು, ಕಂಬಿ ಕಟ್ಟುವವನದು ಮತ್ತೊಂದು. ಮೂವರೂ ಅದೇ ಪೈಲಿನ ಉದ್ದವನ್ನೇ ಹೇಳುತ್ತಿದ್ದರೂ ಮೂರು ಸಂಖ್ಯೆ ಹೇಳುತ್ತಾರೆ, ಮೂರೂ ಸರಿ.

ಇನ್ನು ಕಾಂಕ್ರೀಟು. 600 ಮಿಲಿಮೀಟರ್ ವ್ಯಾಸದ ವೃತ್ತದ ವಿಸ್ತೀರ್ಣ 0.2827 ಚದರ ಮೀಟರ್. ವ್ಯಾಸವನ್ನು ಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ 0.7854ರಿಂದ ಗುಣಿಸಿದರೆ ಇದು ಬರುತ್ತದೆ. ಲೀಟರಿನಲ್ಲಿ ಯೋಚಿಸಿದರೆ ತಲೆಯಲ್ಲಿ ಉಳಿಯುತ್ತದೆ: ಈ ಪೈಲಿನ ಪ್ರತಿ ಒಂದು ಮೀಟರ್ ಉದ್ದಕ್ಕೆ 283 ಲೀಟರ್ ಕಾಂಕ್ರೀಟು ಹಿಡಿಸುತ್ತದೆ. 18 ಮೀಟರಿಗೆ 5,089 ಲೀಟರ್, ಅಂದರೆ 5.09 ಘನ ಮೀಟರ್. ಬಿಲ್ಲಿನಲ್ಲಿ ಬರುವುದು ಸಾಮಾನ್ಯವಾಗಿ ಇಷ್ಟೇ. ಒಳಗಿರುವ ಕಬ್ಬಿಣ ತಿನ್ನುವ ಜಾಗವನ್ನು ಕಳೆಯಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಕಿಲ್ಲ. ಇಡೀ ಕೇಜಿನ ಕಬ್ಬಿಣವನ್ನು ಕರಗಿಸಿ ಸುರಿದರೂ 45 ಲೀಟರ್ ದಾಟದು, ಐದು ಸಾವಿರದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಅಳತೆಯ ನಿಯಮಗಳೂ ಅದನ್ನು ಕಳೆಯುವುದಿಲ್ಲ.

ಆದರೆ 5.09 ಘನ ಮೀಟರ್ ತರಿಸಿದರೆ ಪೈಲು ಮುಗಿಯುವುದಿಲ್ಲ. ಅದಕ್ಕೆ ಕಾರಣ ಎರಡು.

ತೂತಿನಲ್ಲಿ ನೀರೋ ಬೆಂಟೊನೈಟ್ ಎಂಬ ಜೇಡಿಯ ದ್ರಾವಣವೋ ತುಂಬಿರುತ್ತದೆ. ಅದು ಗೋಡೆ ಕುಸಿಯದಂತೆ ಒತ್ತಿ ಹಿಡಿಯುತ್ತದೆ. ಕಾಂಕ್ರೀಟನ್ನು ಮೇಲಿಂದ ಸುರಿದರೆ ಅದು ನೀರಿನಲ್ಲಿ ಚದುರಿ ಜಲ್ಲಿ ಒಂದು ಕಡೆ, ಸಿಮೆಂಟು ಒಂದು ಕಡೆ ಆಗುತ್ತದೆ. ಹಾಗಾಗಿ ಟ್ರೆಮಿ ಎಂಬ ಉದ್ದ ಕೊಳವೆಯನ್ನು ತಳದವರೆಗೆ ಇಳಿಸಿ, ಅದರ ಮೂಲಕ ಕಾಂಕ್ರೀಟನ್ನು ಕೆಳಗಿನಿಂದ ಮೇಲಕ್ಕೆ ತುಂಬುತ್ತಾರೆ. ಮೊದಲು ಬಿದ್ದ ಕಾಂಕ್ರೀಟು ಕೆಸರುನೀರನ್ನು ನೂಕುತ್ತ ಮೇಲೆ ಮೇಲೆ ಬರುತ್ತದೆ. ಕೊನೆಗೆ ಎಲ್ಲಕ್ಕಿಂತ ಮೇಲೆ ಉಳಿಯುವುದೂ ಅದೇ. ತಳದ ಮಣ್ಣು, ಬೆಂಟೊನೈಟಿನ ಲೋಳೆ ಬೆರೆತು ಅದು ಕೆಲಸಕ್ಕೆ ಬಾರದಂತಾಗಿರುತ್ತದೆ. ಆದ್ದರಿಂದ ಕಟ್ ಆಫ್ ಮಟ್ಟ ದಾಟಿ ಇನ್ನಷ್ಟು ತುಂಬಿ, ಗಟ್ಟಿಯಾದ ಮೇಲೆ ಆ ಕೆಟ್ಟ ತಲೆಯನ್ನು ಒಡೆದು ತೆಗೆಯಬೇಕು. ನಮ್ಮ ದೇಶದ ಪೈಲ್ ಸಂಹಿತೆ ಐಎಸ್ 2911 ಪ್ರಕಾರ, ಟ್ರೆಮಿಯಲ್ಲಿ ತುಂಬುವಾಗ ಒಂದೋ ನೆಲದ ಮಟ್ಟದವರೆಗೆ ಉಕ್ಕಿ ಬರುವಂತೆ ತುಂಬಬೇಕು, ಇಲ್ಲವೇ ಕಟ್ ಆಫಿಗಿಂತ ಕನಿಷ್ಠ ಒಂದು ಮೀಟರ್ ಮೇಲೆ ತರಬೇಕು. ಒಂದು ಮೀಟರ್ ಎಂದರೆ ಇನ್ನೊಂದು 283 ಲೀಟರ್. ಒಟ್ಟು 19 ಮೀಟರಿಗೆ 5.37 ಘನ ಮೀಟರ್.

ಎರಡನೆಯದು, ತೂತು ಎಂದೂ ಡ್ರಾಯಿಂಗಿನಷ್ಟು ನುಣುಪಾಗಿರುವುದಿಲ್ಲ. ಮರಳಿನ ಪದರದಲ್ಲಿ ಗೋಡೆ ಉದುರುತ್ತದೆ, ಉಳಿ ಮೇಲೆ ಕೆಳಗೆ ಆಡುವಾಗ ಪಕ್ಕಕ್ಕೆ ತಾಗುತ್ತದೆ, ಮೆತ್ತಗಿನ ಜೇಡಿಯನ್ನು ಒದ್ದೆ ಕಾಂಕ್ರೀಟೇ ಹೊರಕ್ಕೆ ಒತ್ತಿ ತನಗೆ ಜಾಗ ಮಾಡಿಕೊಳ್ಳುತ್ತದೆ. ಇದಕ್ಕೆಂದು ಶೇ. 10 ಸೇರಿಸುವುದು ರೂಢಿ. ಹಾಗೆ ಮಾಡಿದರೆ 5.91 ಘನ ಮೀಟರ್. ಈ ಶೇ. 10 ಎಂಬುದು ಕೇಳಲು ದೊಡ್ಡದಾಗಿ ಕಂಡರೂ ನೆಲದೊಳಗೆ ಅದು ಎಷ್ಟೆಂದು ನೋಡಿದರೆ ಬೆರಗಾಗುತ್ತದೆ. ತೂತಿನ ಗೋಡೆ ಸುತ್ತಲೂ ಬರೀ 15 ಮಿಲಿಮೀಟರ್, ಅಂದರೆ ಒಂದು ಬೆರಳಿನ ದಪ್ಪದಷ್ಟು ಸವೆದರೂ ವ್ಯಾಸ 630 ಆಗುತ್ತದೆ, ಕಾಂಕ್ರೀಟು ಶೇ. 10 ಹೆಚ್ಚು ಬೇಕಾಗುತ್ತದೆ. 25 ಮಿಲಿಮೀಟರ್ ಸವೆದರೆ ಶೇ. 17. ವ್ಯಾಸ ಎರಡು ಸಲ ಗುಣಿಸಿಕೊಳ್ಳುವುದರಿಂದ ಸಣ್ಣ ವ್ಯತ್ಯಾಸವೂ ಹಿಗ್ಗುತ್ತದೆ. ಇದೇ ಕಾರಣಕ್ಕೆ 600ರ ಬದಲು 1200 ಮಿಲಿಮೀಟರಿನ ಪೈಲು ಹಾಕಿದರೆ ಕಾಂಕ್ರೀಟು ಎರಡರಷ್ಟಲ್ಲ, ನಾಲ್ಕರಷ್ಟು ಬೇಕು. ಉಲ್ಟಾ ಕಡೆಗೂ ಇದು ಸತ್ಯ. ಕೊರೆಯುವ ಉಳಿಯ ಅಂಚು ಸವೆದು 580ಕ್ಕೆ ಇಳಿದಿದ್ದರೆ ಪೈಲಿನ ಅಡ್ಡಕೊಯ್ತದ ವಿಸ್ತೀರ್ಣ ಶೇ. 6.5ರಷ್ಟು ಕಡಿಮೆಯಾಗಿಬಿಡುತ್ತದೆ. ಕೊರೆಯುವ ಮುಂಚೆ ಉಳಿಗೆ ಟೇಪು ಹಿಡಿಯುವ ಸೂಪರ್‌ವೈಸರನ್ನು ಕಂಡರೆ ನನಗೆ ಗೌರವ, ಅಂಥವರು ಕಡಿಮೆ.

ಸೈಟಿನಲ್ಲೇ ಮಿಕ್ಸರ್ ಇಟ್ಟು ಕಲಸುವವರಿಗೆ ಸಿಮೆಂಟಿನ ಲೆಕ್ಕ ಬೇಕಾಗುತ್ತದೆ. ಸಂಹಿತೆ ಕೇಳುವುದು ಘನ ಮೀಟರಿಗೆ ಕನಿಷ್ಠ 400 ಕಿಲೋ, ಅಂದರೆ ಎಂಟು ಚೀಲ. ನಮ್ಮ ಒಂದು ಪೈಲಿಗೆ ಹತ್ತಿರ ಹತ್ತಿರ 48 ಚೀಲ. ರೆಡಿಮಿಕ್ಸ್ ತರಿಸುವವರಿಗೆ ಬೇರೆಯೇ ತಲೆಬಿಸಿ. ರಸ್ತೆಯಲ್ಲಿ ಕಾಣುವ ಸಾಮಾನ್ಯ ಲಾರಿ ಹೊರುವುದು 6 ಘನ ಮೀಟರ್. ನಮ್ಮ 5.91 ಅದರಲ್ಲಿ ಕೂರುತ್ತದೆ, ಆದರೆ ಕೂದಲೆಳೆಯಲ್ಲಿ. ಸವೆತ ಶೇ. 10ರ ಬದಲು 12 ಆದರೆ ಸಾಕು, ಲಾರಿ ಖಾಲಿಯಾದರೂ ಪೈಲು ತುಂಬಿರುವುದಿಲ್ಲ. ಎರಡನೆಯ ಲಾರಿಗೆ ಫೋನು ಮಾಡಿ ಕಾಯುತ್ತ ಕೂತರೆ ಒಳಗಿನ ಕಾಂಕ್ರೀಟು ಬಿಗಿಯುತ್ತದೆ, ಟ್ರೆಮಿ ಅದರಲ್ಲೇ ಕಚ್ಚಿಕೊಳ್ಳಬಹುದು, ಹೊಸದು ಹಳೆಯದರ ಜೊತೆ ಬೆರೆಯದೆ ನಡುವೆ ಒಂದು ಸೀಳು ಉಳಿಯಬಹುದು. ಅದೇ ದಿನ ಎರಡು ಪೈಲು ತುಂಬುವಂತೆ ಯೋಜಿಸಿ, ಎರಡನೆಯ ಪೈಲಿನ ಲಾರಿ ಮೊದಲನೆಯದು ಮುಗಿಯುವ ಮುನ್ನವೇ ಸೈಟಿಗೆ ಬಂದು ನಿಲ್ಲುವಂತೆ ನೋಡಿಕೊಳ್ಳುವುದು ಇದಕ್ಕೆ ಸರಳ ಉಪಾಯ. ಮೊದಲನೆಯದಕ್ಕೆ ಕೊರತೆ ಬಿದ್ದರೆ ಆ ಲಾರಿಯಿಂದ ಒಂದಿಷ್ಟು ಸುರಿಯಬಹುದು.

ಈಗ ಕಣ್ಣಿನ ವಿಷಯಕ್ಕೆ ಬರೋಣ. ಮೀಟರಿಗೆ 283 ಲೀಟರ್ ಎಂದರೆ, ಒಂದು ಘನ ಮೀಟರ್ ಕಾಂಕ್ರೀಟು ಸುರಿದಾಗ ಅದರ ಮಟ್ಟ 3.54 ಮೀಟರ್ ಏರಬೇಕು. ಬಾವಿಯ ನೀರಿನ ಆಳ ನೋಡುವಂತೆ, ಗುಂಡು ಕಟ್ಟಿದ ಟೇಪನ್ನು ತೂತಿನೊಳಗೆ ಬಿಟ್ಟು, ಗುಂಡು ಕಾಂಕ್ರೀಟಿನ ಮೇಲೆ ಕೂತಾಗ ಓದುತ್ತಾರೆ. ಡ್ರಾಯಿಂಗಿನಂತೆಯೇ ಇರುವ ಆದರ್ಶ ತೂತಿನಲ್ಲಿ ಶುರುವಿಗೆ 19.5 ಮೀಟರ್ ಆಳ, ಒಂದು ಘನ ಮೀಟರ್ ಹೋದ ಮೇಲೆ 16.0, ಎರಡಾದಾಗ 12.4, ಮೂರಕ್ಕೆ 8.9, ನಾಲ್ಕಕ್ಕೆ 5.4, ಐದಕ್ಕೆ 1.8. ಟ್ರೆಮಿ ಕೊಳವೆಯ ಒಳಗೂ ಒಂದಷ್ಟು ಕಾಂಕ್ರೀಟು ನಿಂತಿರುವುದರಿಂದ ಮೊದಲ ಓದು ಸ್ವಲ್ಪ ಹಿಂದೆ ಬೀಳುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಈ ಸಾಲಿನ ಪಕ್ಕದಲ್ಲಿ ನಿಜವಾದ ಓದುಗಳನ್ನು ಬರೆದುಕೊಂಡು ಹೋದರೆ ನೆಲದೊಳಗಿನ ಕತೆ ಬಿಚ್ಚಿಕೊಳ್ಳುತ್ತದೆ.

ಒಂದು ಪೈಲಿನಲ್ಲಿ ಓದುಗಳು ಹೀಗೆ ಬಂದವು ಎನ್ನೋಣ: 16.2, 13.0, ಆಮೇಲೆ 10.9, 7.6, 4.3, ಆರನೆಯ ಘನ ಮೀಟರ್ ಮುಗಿದಾಗ 1.1. ಎಲ್ಲ ಸಲವೂ ಮೂರು ಮೀಟರಿಗಿಂತ ಹೆಚ್ಚು ಏರಿದ್ದು, ಮೂರನೆಯ ಸಲ ಮಾತ್ರ 2.1 ಮೀಟರ್. ಅಂದರೆ 13ರಿಂದ 11 ಮೀಟರ್ ಆಳದ ನಡುವೆ ತೂತು ಹೊಟ್ಟೆ ಬಿಟ್ಟಿದೆ. ಲೆಕ್ಕ ಹಾಕಿದರೆ ಅಲ್ಲಿ ಸರಾಸರಿ ವ್ಯಾಸ 780 ಮಿಲಿಮೀಟರ್. ಮಣ್ಣು ಪರೀಕ್ಷೆಯ ವರದಿ ತೆಗೆದು ನೋಡಿದರೆ ಅದೇ ಆಳದಲ್ಲಿ ಸಡಿಲ ಮರಳು ಎಂದು ಬರೆದಿರುತ್ತದೆ. ಇದರಿಂದ ಪೈಲಿಗೆ ಹಾನಿಯೇನಿಲ್ಲ, ಖರ್ಚು ಮಾತ್ರ. ಆದರೆ ಆರು ಘನ ಮೀಟರ್ ಮುಗಿದರೂ ನಾವು ಮುಟ್ಟಬೇಕಿದ್ದ 0.5 ಮೀಟರ್ ಆಳಕ್ಕೆ ಬರಲಿಲ್ಲ, ಇನ್ನೂ 60 ಸೆಂಟಿಮೀಟರ್ ಬಾಕಿ. ಪಕ್ಕದಲ್ಲಿ ನಿಂತ ಲಾರಿ ಬೇಕಾಗುವುದು ಇಲ್ಲಿ.

ಇನ್ನೊಂದು ಪೈಲಿನಲ್ಲಿ ಒಂದು ಘನ ಮೀಟರಿಗೆ ಮಟ್ಟ 4.6 ಮೀಟರ್ ಏರಿಬಿಟ್ಟಿತು ಎಂದುಕೊಳ್ಳಿ. ಕಾಂಕ್ರೀಟು ಉಳಿಯಿತಲ್ಲ ಎಂದು ಮಾಲೀಕ ಖುಷಿಪಡುವ ಹೊತ್ತು ಅದು. ಇಂಜಿನಿಯರಿನ ಮುಖ ಸಣ್ಣದಾಗುವುದೂ ಆಗಲೇ. ಕಾಂಕ್ರೀಟು ಇರಬೇಕಾದ ಜಾಗದಲ್ಲಿ ಬೇರೇನೋ ಬಂದು ಕೂತಿದೆ, ಬಹುಮಟ್ಟಿಗೆ ಕುಸಿದ ಮಣ್ಣು. ಆ ಉದ್ದದಲ್ಲಿ ಸರಾಸರಿ ವ್ಯಾಸ 526 ಮಿಲಿಮೀಟರ್, ವಿಸ್ತೀರ್ಣ ಕಾಲುಭಾಗದಷ್ಟು ಕಡಿಮೆ. ಇದು ಸರಾಸರಿ ಮಾತ್ರ. ಮಣ್ಣು ಒಂದೇ ಕಡೆ ಒಳಗೆ ನುಗ್ಗಿದ್ದರೆ ಅಲ್ಲಿ ಪೈಲಿನ ಕುತ್ತಿಗೆ ಇನ್ನೂ ಸಪೂರವಾಗಿ, ಕಂಬಿ ನೇರ ಮಣ್ಣಿಗೇ ತಾಗಿಕೊಂಡಿರಬಹುದು. ಕರಾವಳಿಯ ಉಪ್ಪುನೀರಿನಲ್ಲಿ ಅಂಥ ಕಂಬಿಗೆ ಆಯಸ್ಸಿಲ್ಲ. ಹೆಚ್ಚು ಕಾಂಕ್ರೀಟು ಕುಡಿದ ಪೈಲಿಗಿಂತ ಕಡಿಮೆ ಕುಡಿದ ಪೈಲಿಗೆ ಹೆದರಬೇಕು. ಅನುಮಾನ ಬಂದ ಪೈಲಿನ ತಲೆಗೆ ಸಣ್ಣ ಸುತ್ತಿಗೆಯಿಂದ ಬಡಿದು, ಒಳಗಿಂದ ಮರಳುವ ಕಂಪನದ ಅಲೆಯನ್ನು ಯಂತ್ರದಲ್ಲಿ ಓದುವ ಪರೀಕ್ಷೆಯಿದೆ. ಎಲ್ಲಿ ಸಪೂರವಾಗಿದೆ ಎಂಬ ಸುಳಿವನ್ನು ಅದು ಕೊಡುತ್ತದೆ. ಆದರೆ ಯಾವ ಪೈಲನ್ನು ಮೊದಲು ಪರೀಕ್ಷಿಸಬೇಕು ಎಂದು ಹೇಳುವುದು ಈ ಓದುಗಳ ಪಟ್ಟಿಯೇ. ಒಟ್ಟು ಎಷ್ಟು ಹೋಯಿತು ಎಂದು ಕೊನೆಗೊಂದು ಸಂಖ್ಯೆ ಬರೆದಿಟ್ಟರೆ ಸಾಲದು. ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊರಗಿದ ಪೈಲಿನ ಮೊತ್ತ ಸರಿಯಾಗಿಯೇ ಕಾಣುತ್ತದೆ.

ಕಬ್ಬಿಣದ ಲೆಕ್ಕದಲ್ಲಿ ಇಂಥ ಭಯವಿಲ್ಲ, ಕೇಜು ನೆಲದ ಮೇಲೆ ಕಣ್ಣೆದುರೇ ಇರುತ್ತದೆ. ಆದರೆ ಅಲ್ಲಿ ಜಗಳ ಹೆಚ್ಚು.

ಉದ್ದ ಕಂಬಿಗಳ ಒಟ್ಟು ವಿಸ್ತೀರ್ಣ ಪೈಲಿನ ವಿಸ್ತೀರ್ಣದ ಶೇ. 0.4ಕ್ಕಿಂತ ಕಡಿಮೆ ಇರಬಾರದು ಎಂದು ಸಂಹಿತೆ ಹೇಳುತ್ತದೆ. ನಮ್ಮ ಪೈಲಿಗೆ ಅದು 1131 ಚದರ ಮಿಲಿಮೀಟರ್. 16 ಮಿಲಿಮೀಟರಿನ ಒಂದು ಕಂಬಿ 201 ಚದರ ಮಿಲಿಮೀಟರ್, ಎಂಟು ಸೇರಿದರೆ 1608. ಆರು ಕಂಬಿಗಳೂ ಕನಿಷ್ಠವನ್ನು ದಾಟುತ್ತಿದ್ದವು. ಅಡ್ಡ ಬಲವನ್ನೂ ತಡೆಯಲೆಂದು ಇಂಜಿನಿಯರು ಎಂಟು ಕೊಟ್ಟಿದ್ದಾರೆ ಎಂದುಕೊಳ್ಳೋಣ. ಕಂಬಿಯ ತೂಕಕ್ಕೆ ಬಾರ್ ಬೆಂಡಿಂಗ್ ಮೇಸ್ತ್ರಿಗಳೆಲ್ಲರ ಬಾಯಲ್ಲಿರುವ ಸೂತ್ರ ಒಂದೇ: ಮಿಲಿಮೀಟರಿನಲ್ಲಿರುವ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸು, ಮೀಟರಿಗೆ ಇಷ್ಟು ಕಿಲೋ ಎಂದು ಸಿಗುತ್ತದೆ. ಈ 162 ಎಲ್ಲಿಂದಲೋ ಉದುರಿದ್ದಲ್ಲ. ಒಂದು ಘನ ಮೀಟರ್ ಉಕ್ಕಿನ ತೂಕ 7850 ಕಿಲೋ. ವೃತ್ತದ ವಿಸ್ತೀರ್ಣದ ಸೂತ್ರಕ್ಕೆ ಅದನ್ನು ಸೇರಿಸಿ ಅದಲುಬದಲು ಮಾಡಿದರೆ ಉಳಿಯುವ ಸಂಖ್ಯೆ ಇದು. 16ರ ಕಂಬಿಗೆ ಮೀಟರಿಗೆ 1.58 ಕಿಲೋ.

ಹಾಗಾದರೆ ಎಂಟು ಕಂಬಿ, 18 ಮೀಟರ್, 1.58 ಕಿಲೋ ಎಂದು ಗುಣಿಸಿದರೆ ಮುಗಿಯಿತೇ? ಬರುವುದು 227.5 ಕಿಲೋ, ಅದು ಕಡಿಮೆ. ಕಂಬಿ ಪೈಲಿನ ತಳಕ್ಕೆ ತಾಗಬಾರದು, 75 ಮಿಲಿಮೀಟರ್ ಮೇಲೆ ನಿಲ್ಲಬೇಕು. ಮೇಲ್ತುದಿ ಕಟ್ ಆಫ್ ದಾಟಿ ಪೈಲ್ ಕ್ಯಾಪಿನೊಳಗೆ ಹೋಗಿ ಹಿಡಿತ ಸಾಧಿಸಬೇಕು. ಎಂ25 ಕಾಂಕ್ರೀಟಿನಲ್ಲಿ ಎಫ್‌ಇ 500 ಕಂಬಿಗೆ ಆ ಹಿಡಿತ ಕಂಬಿಯ ವ್ಯಾಸದ ಸುಮಾರು 50 ಪಟ್ಟು ಉದ್ದದಲ್ಲಿ ಸಿಗುತ್ತದೆ. 16ಕ್ಕೆ 800 ಮಿಲಿಮೀಟರ್. ಆಗ ಒಂದು ಕಂಬಿಯ ಉದ್ದ 18.725 ಮೀಟರ್. ಅಂಗಡಿಯಲ್ಲಿ ಸಿಗುವ ರಾಡು 12 ಮೀಟರಿನದು, ಆದ್ದರಿಂದ ಒಂದು ಕಡೆ ಜೋಡಿಸಲೇಬೇಕು. ಜೋಡಣೆಯಲ್ಲಿ ಎರಡು ರಾಡುಗಳು ಪಕ್ಕಪಕ್ಕ ಓಡುವ ಲ್ಯಾಪು ಮತ್ತೆ 800 ಮಿಲಿಮೀಟರ್. ಒಂದು ಕಂಬಿಗೆ ಒಟ್ಟು 19.525 ಮೀಟರ್, ಎಂಟಕ್ಕೆ 156.2 ಮೀಟರ್, ತೂಕ 247 ಕಿಲೋ.

ಆದರೆ ಅಂಗಡಿಯಿಂದ ತರುವುದು 247 ಕಿಲೋ ಅಲ್ಲ. ಪ್ರತಿ ಕಂಬಿಗೆ ಎರಡು ಪೂರ್ತಿ ರಾಡು, ಎಂಟಕ್ಕೆ ಹದಿನಾರು, ಅಂದರೆ 192 ಮೀಟರ್, 303 ಕಿಲೋ. ಎರಡನೆಯ ರಾಡಿನಿಂದ 7.525 ಮೀಟರ್ ಕತ್ತರಿಸಿದರೆ 4.475 ಮೀಟರಿನ ತುಂಡು ಉಳಿಯುತ್ತದೆ, ಅಂಥವು ಎಂಟು. ಮೂಲೆಗೆ ಎಸೆದರೆ 57 ಕಿಲೋ ಗುಜರಿಗೆ. ಅನುಭವಿ ಮೇಸ್ತ್ರಿ ಎಸೆಯುವುದಿಲ್ಲ. ಕೇಜು ಎತ್ತುವಾಗ ಚಪ್ಪಟೆಯಾಗದಂತೆ ಒಂದೂವರೆ ಮೀಟರಿಗೊಂದರಂತೆ ಒಳಗೆ ಬೆಸುಗೆ ಹಾಕುವ ಗಟ್ಟಿ ರಿಂಗುಗಳೂ 16ರ ಕಂಬಿಯವೇ. ಸುತ್ತಲೂ 75 ಮಿಲಿಮೀಟರ್ ಕವರ್ ಬಿಟ್ಟರೆ ಕೇಜಿನ ಹೊರವ್ಯಾಸ 450; ಒಳಗೆ ಕೂರುವ ರಿಂಗಿಗೆ ಬೆಸುಗೆಯ ತುದಿ ಸೇರಿ 1.4 ಮೀಟರ್ ಕಂಬಿ ಬೇಕು. ಒಂದು ತುಂಡಿನಲ್ಲಿ ಮೂರು ರಿಂಗು ಹೊರಡುತ್ತವೆ, ಕೇಜಿಗೆ ಬೇಕಾದ ಹದಿಮೂರಕ್ಕೆ ಐದು ತುಂಡು ಸಾಕು. ಹೊರಗಿನಿಂದ 150 ಮಿಲಿಮೀಟರಿಗೊಂದು ಸುತ್ತು ಬರುವ 8 ಮಿಲಿಮೀಟರಿನ ಸ್ಪೈರಲ್ ಬೇರೆ ಲೆಕ್ಕ, ಅದು ಲ್ಯಾಪು ಸೇರಿ ಸುಮಾರು 70 ಕಿಲೋ. ರಿಂಗುಗಳ 29 ಕಿಲೋ ಕೂಡಿಸಿದರೆ ಪೂರ್ತಿ ಕೇಜು 346 ಕಿಲೋ ತೂಗುತ್ತದೆ.

ಎಂಟೂ ಕಂಬಿಗಳ ಲ್ಯಾಪು ಒಂದೇ ಮಟ್ಟದಲ್ಲಿ ಬಿದ್ದರೆ ಅಲ್ಲಿ ಕಬ್ಬಿಣ ದಟ್ಟವಾಗುತ್ತದೆ, ಪೈಲಿನ ದುರ್ಬಲ ಜಾಗವೂ ಅದೇ ಆಗುತ್ತದೆ. ಇದನ್ನು ತಪ್ಪಿಸಲು ಕತ್ತರಿಸುವ ಲೆಕ್ಕ ಬದಲಿಸಬೇಕಾಗಿಲ್ಲ. ಒಂದು ಬಿಟ್ಟು ಒಂದು ಕಂಬಿಯನ್ನು ತಲೆಕೆಳಗು ಮಾಡಿದರೆ ಸಾಕು: ನಾಲ್ಕರಲ್ಲಿ 12 ಮೀಟರಿನ ರಾಡು ಕೆಳಗೆ, ನಾಲ್ಕರಲ್ಲಿ 7.525ರದು ಕೆಳಗೆ. ಲ್ಯಾಪುಗಳು ತಾವಾಗಿಯೇ ದೂರ ದೂರ ಹೋಗುತ್ತವೆ. ಆದರೆ ಹೀಗೆ ಮಾಡಲು ಇಡೀ ಕೇಜನ್ನು ನೆಲದ ಮೇಲೆ ಒಂದೇ ಉದ್ದಕ್ಕೆ ಕಟ್ಟಿ ಕ್ರೇನಿನಿಂದ ಎತ್ತಬೇಕು. ಸಣ್ಣ ಸೈಟುಗಳಲ್ಲಿ ಇರುವುದು ಮೂರು ಕಾಲಿನ ಟ್ರೈಪಾಡು ಮತ್ತು ವಿಂಚು. ಅದರ ಎತ್ತರಕ್ಕೆ ಹೊಂದುವಂತೆ ಆರು ಮೀಟರಿನ ತುಂಡುಗಳಲ್ಲಿ ಕಟ್ಟಿ, ಒಂದನ್ನು ತೂತಿನ ಬಾಯಲ್ಲಿ ತೂಗುಹಾಕಿ ಇನ್ನೊಂದನ್ನು ಜೋಡಿಸುತ್ತ ಇಳಿಸುತ್ತಾರೆ. ಆಗ ಒಂದರ ಬದಲು ಮೂರು ಲ್ಯಾಪು. ಕೇಜಿನೊಳಗಿನ ಕಬ್ಬಿಣ 20 ಕಿಲೋ ಹೆಚ್ಚುತ್ತದೆ.

ತಮಾಷೆಯೆಂದರೆ ಅಂಗಡಿಯ ಬಿಲ್ಲು ಬದಲಾಗುವುದಿಲ್ಲ. ಆಗಲೂ ಕಂಬಿಗೆ ಎರಡು ರಾಡೇ ಸಾಕು, ಉಳಿಯುವ ತುಂಡು ಮಾತ್ರ ಚಿಕ್ಕದಾಗುತ್ತದೆ. ಆದರೆ ಗುತ್ತಿಗೆದಾರನಿಗೆ ಹಣ ಸಿಗುವುದು ಕೇಜಿನೊಳಗೆ ಹೋದ ತೂಕದ ಮೇಲೆ. ಆ ಹೆಚ್ಚುವರಿ ಲ್ಯಾಪನ್ನು ಅಳತೆಗೆ ಹಿಡಿಯಬೇಕೇ ಬೇಡವೇ ಎಂಬಲ್ಲಿ ಜಗಳ ಹುಟ್ಟುತ್ತದೆ. ಒಂದು ಪೈಲಿಗೆ 20 ಕಿಲೋ ಎಂದರೆ ಐವತ್ತು ಪೈಲಿಗೆ ಒಂದು ಟನ್ನು. ಡ್ರಾಯಿಂಗಿನಲ್ಲಿ ತೋರಿಸಿದ ಲ್ಯಾಪಿಗೆ ಮಾತ್ರ ಹಣ, ಯಂತ್ರದ ಅನುಕೂಲಕ್ಕೆ ಹಾಕಿಕೊಂಡದ್ದಕ್ಕೆ ಇಲ್ಲ ಎಂದು ಕರಾರಿನಲ್ಲಿ ಮೊದಲೇ ಬರೆಯುವುದು ನನಗೆ ನ್ಯಾಯವಾಗಿ ಕಾಣುತ್ತದೆ. ಕಾಂಕ್ರೀಟಿನಲ್ಲೂ ಇದೇ ಅಂತರವಿದೆ. ಬಿಲ್ಲಿಗೆ 5.09, ತುಂಬಿದ್ದು 5.91. ಒಡೆದು ತೆಗೆಯುವ ತಲೆಯದೂ ಗೋಡೆ ಸವೆತದ್ದೂ ಸೇರಿದ ಆ ಶೇ. 16ರಷ್ಟನ್ನು ಗುತ್ತಿಗೆದಾರ ತನ್ನ ದರದಲ್ಲೇ ಸೇರಿಸಿರುತ್ತಾನೆ, ಸೇರಿಸಿರದಿದ್ದರೆ ಕೆಲಸದಲ್ಲಿ ಎಲ್ಲೋ ಉಳಿಸಲು ನೋಡುತ್ತಾನೆ.

ಲೆಕ್ಕದ ತೂಕಕ್ಕೂ ತಕ್ಕಡಿಯ ತೂಕಕ್ಕೂ ಸ್ವಲ್ಪ ವ್ಯತ್ಯಾಸ ಬಂದರೆ ಮೋಸವೆಂದುಕೊಳ್ಳಬೇಕಿಲ್ಲ. 16ರ ಕಂಬಿ ಮೀಟರಿಗೆ ಶೇ. 5ರಷ್ಟು ಹೆಚ್ಚುಕಡಿಮೆ ತೂಗಬಹುದೆಂದು ಕಂಬಿಯ ಸಂಹಿತೆ ಐಎಸ್ 1786 ಒಪ್ಪುತ್ತದೆ. ನಮ್ಮ 247 ಕಿಲೋ 235 ಇದ್ದರೂ ಸರಿ, 259 ಇದ್ದರೂ ಸರಿ. 225 ಬಂದರೆ ಮಾತ್ರ ಒಂದು ಮೀಟರ್ ತುಂಡು ಕತ್ತರಿಸಿ ತೂಗಿ ನೋಡಬೇಕು.

ಇಷ್ಟೆಲ್ಲ ಲೆಕ್ಕ ಕಾಗದದ ಮೇಲಿನ 18 ಮೀಟರಿಗೆ. ಗಟ್ಟಿ ನೆಲ ಎಲ್ಲ ಪೈಲಿನಡಿಯೂ ಒಂದೇ ಆಳದಲ್ಲಿ ಸಿಗುವುದಿಲ್ಲ. ಹಾಗಾಗಿ ಸೈಟಿನಲ್ಲಿ ನೆನಪಿಡಬೇಕಾದದ್ದು ಒಟ್ಟು ಮೊತ್ತವನ್ನಲ್ಲ, ಮೀಟರಿನ ಲೆಕ್ಕವನ್ನು: ಕಾಂಕ್ರೀಟು 283 ಲೀಟರ್, ಎಂಟು ಉದ್ದ ಕಂಬಿಗಳು 12.6 ಕಿಲೋ. ಬಂಡೆ 16.5 ಮೀಟರಿಗೇ ಸಿಕ್ಕಿದರೆ 425 ಲೀಟರ್ ಕಾಂಕ್ರೀಟೂ 19 ಕಿಲೋ ಕಂಬಿಯೂ ಕಡಿಮೆ. 20 ಮೀಟರಿಗೆ ಹೋದರೆ ಕಾಂಕ್ರೀಟು ಖಂಡಿತ ಒಂದು ಲಾರಿಯಲ್ಲಿ ಮುಗಿಯದು, ಆದರೆ ಕಬ್ಬಿಣ ಹೊಸದಾಗಿ ತರಬೇಕಿಲ್ಲ, ಉಳಿಯುವ ತುಂಡೇ ಉದ್ದಕ್ಕೆ ಸೇರಿಕೊಳ್ಳುತ್ತದೆ. ಎರಡು ರಾಡು, ಒಂದು ಲ್ಯಾಪಿನಲ್ಲಿ ಹೆಚ್ಚೆಂದರೆ 22.4 ಮೀಟರಿನ ಪೈಲು ಕಟ್ಟಬಹುದು. ಅದಕ್ಕಿಂತ ಒಂದು ಗೇಣು ಹೆಚ್ಚಾದರೂ ಪ್ರತಿ ಕಂಬಿಗೂ ಮೂರನೆಯ ರಾಡು, ಎರಡನೆಯ ಲ್ಯಾಪು. ಆಳ ಹೆಚ್ಚುಕಡಿಮೆಯಾಗುವ ಜಾಗಗಳಲ್ಲಿ ಕೇಜಿನ ಮೇಲಿನ ಭಾಗವನ್ನಷ್ಟೇ ಮುಂಚೆ ಕಟ್ಟಿಟ್ಟುಕೊಂಡು, ಕೆಳಗಿನ ತುಂಡನ್ನು ತೂತು ಕೊರೆದು ತಳ ತೊಳೆದು ಆಳ ಅಳೆದ ಮೇಲೆಯೇ ಕತ್ತರಿಸುವುದು ಇದೇ ಕಾರಣಕ್ಕೆ.